ಹದಿನೇಳನೇ ಫೈಲು

ತಾರಿಹಾಳದ ಒಂದು ಕಾರ್ಖಾನೆಯಲ್ಲಿ ನೇಮಕಾತಿಯ ಇಂಟರ್ನಲ್ ಆಡಿಟ್ ಮಾಡೋ ಕೆಲಸ ಬಂದಿತ್ತು. ಮೊದಲ ದಿನವೇ ಎಚ್‌ಆರ್ ಸಾಹೇಬರು ಒಂದು ಎಕ್ಸೆಲ್ ಪಟ್ಟಿ ಕೊಟ್ಟರು. ಆ ವರ್ಷ ಹೊಸದಾಗಿ ಸೇರಿದವರು 64 ಮಂದಿ. "ಇದ್ರಾಗ ಯಾವ ಫೈಲ್ ಬೇಕೋ ತಗೋರಿ ಮೇಡಮ್, ಎಲ್ಲಾ ಬರೋಬ್ಬರಿ ಅದಾವ" ಅಂದರು. ನಾನು ಆ ಪಟ್ಟಿಯಿಂದ ಆರಿಸಲಿಲ್ಲ. ಅಕೌಂಟ್ಸ್‌ಗೆ ಹೋಗಿ ಸಂಬಳದ ರಿಜಿಸ್ಟರ್ ತೆರೆಸಿ, ವರ್ಷದಲ್ಲಿ ಮೊದಲ ಸಲ ಸಂಬಳ ಪಡೆದವರನ್ನೆಲ್ಲ ಎಣಿಸಿದೆ. 67 ಜನ ಇದ್ದರು. ಪಟ್ಟಿಯಲ್ಲಿ ಇಲ್ಲದ ಆ ಮೂವರು ಸಂದರ್ಶನವೇ ಇಲ್ಲದೆ, ಮೇಲಿನವರ ಒಂದು ಫೋನಿನ ಮೇಲೆ ಸೇರಿದವರು. ಅವರದ್ದು ಬೇರೆ ಕಥೆ, ವರದಿಯಲ್ಲೂ ಬೇರೆಯಾಗೇ ಬರೆದೆ.

67ರಲ್ಲಿ 25 ಫೈಲು ತೆಗೆದೆ. ಪ್ರತಿ ಫೈಲಿಗೂ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು. ಸಂದರ್ಶನ ಯಾವತ್ತು, ಸಂಬಳಕ್ಕೆ ಒಪ್ಪಿಗೆ ಯಾವತ್ತು, ಆಫರ್ ಲೆಟರ್ ಯಾವತ್ತು, ಕೆಲಸಕ್ಕೆ ಸೇರಿದ್ದು ಯಾವತ್ತು, ಹಿನ್ನೆಲೆ ಪರಿಶೀಲನೆಯ ವರದಿ ಯಾವತ್ತು. ಫೈಲಿನಲ್ಲಿ ಕಾಗದಗಳು ಇವೆಯಾ ಅಂತಷ್ಟೇ ನೋಡಿದರೆ ಎಲ್ಲವೂ ಇರುತ್ತವೆ. ತಾರೀಖುಗಳನ್ನು ಅಕ್ಕಪಕ್ಕ ಬರೆದಾಗಲೇ ಯಾವುದು ಹಿಂದೆ ಮುಂದೆ ಆಗಿದೆ ಅಂತ ಗೊತ್ತಾಗೋದು.

ಹದಿನೇಳನೇ ಫೈಲು ಒಬ್ಬ ಮೇಂಟೆನನ್ಸ್ ಎಂಜಿನಿಯರ್‌ದು, ಗದಗ ಕಡೆಯ ಹುಡುಗ. ನನ್ನ ಸಾಲು ಹೀಗಿತ್ತು: ಸಂದರ್ಶನ 24 ನವೆಂಬರ್ 2023, ಆಫರ್ ಲೆಟರ್ 4 ಡಿಸೆಂಬರ್, ಪ್ಲಾಂಟ್ ಹೆಡ್ ಒಪ್ಪಿಗೆಯ ಮೇಲ್ 6 ಡಿಸೆಂಬರ್, ಸೇರಿದ್ದು 8 ಜನವರಿ 2024, ಹಿನ್ನೆಲೆ ವರದಿ 15 ಫೆಬ್ರವರಿ. ಒಪ್ಪಿಗೆಗಿಂತ ಎರಡು ದಿನ ಮುಂಚೆ ಆಫರ್. ಸೇರಿ 38 ದಿನ ಆದ ಮೇಲೆ ವರದಿ.

ಮೊದಲು ಆಯ್ಕೆಯನ್ನು ನೋಡಿದೆ. ಆಯ್ಕೆಯಾದವನ ಕಾಗದ ಎಷ್ಟೇ ಚೆನ್ನಾಗಿದ್ದರೂ ಅದರಿಂದ ನ್ಯಾಯವಾಗಿ ಆರಿಸಿದ್ದಾರಾ ಅಂತ ಹೇಳಕ್ಕಾಗಲ್ಲ. ಆಯ್ಕೆಯಾಗದವರ ಕಾಗದವೂ ಬೇಕು. ಎಚ್‌ಆರ್‌ನವರನ್ನು ಕೇಳಿದಾಗ, "ಬರದವ್ರ ಕಾಗದಾ ಯಾರ್ ಇಟ್ಕೋತಾರ್ರಿ?" ಅಂದರು. ಸಂದರ್ಶನಕ್ಕೆ ಕೂತಿದ್ದ ಮೂವರಲ್ಲಿ ಒಬ್ಬರ ಡ್ರಾಯರಿನಲ್ಲಿ ಪೂರ್ತಿ ಕಟ್ಟು ಸಿಕ್ಕಿತು. ಒಟ್ಟು ಐದು ಅಭ್ಯರ್ಥಿಗಳು, ಒಬ್ಬೊಬ್ಬ ಪರೀಕ್ಷಕರು 50ಕ್ಕೆ ಅಂಕ ಕೊಡಬೇಕು. ಹಾವೇರಿಯಿಂದ ಬಂದ ಒಬ್ಬ ಹುಡುಗಿಗೆ 100 ಬಂದಿತ್ತು. ಗದಗದ ಹುಡುಗನಿಗೆ 34, 37, 31, ಅಂದರೆ 102. ಆ 37 ಇದೆಯಲ್ಲ, ಅದನ್ನು ಬೆಳಕಿಗೆ ಹಿಡಿದರೆ ಏಳರ ಒಳಗೆ ಇನ್ನೊಂದು ಗೀಟು ಕಾಣಿಸ್ತಿತ್ತು. ಆದರೆ ಶಾಯಿ ನೋಡಿ ನಾನು ತೀರ್ಮಾನ ಮಾಡಲ್ಲ. ಅದೇ ಹಾಳೆಯ ಮೇಲ್ಭಾಗದಲ್ಲಿ ವಿಷಯವಾರು ಅಂಕ ಇತ್ತು: ತಾಂತ್ರಿಕ ಜ್ಞಾನ 12, ಮಾತುಕತೆ 9, ಅನುಭವ 10. ಕೂಡಿದರೆ 31. ಮೊತ್ತ ತಿದ್ದಿದವರು ಮೇಲಿನ ಅಂಕ ತಿದ್ದೋದು ಮರೆತಿದ್ದರು. 31 ಇಟ್ಟುಕೊಂಡರೆ ಅವನ ಒಟ್ಟು 96. ಹುಡುಗಿ ಮುಂದೆ.

ಅಂಕ ಕೊಟ್ಟವರನ್ನೇ ಕೇಳಿದೆ. "ಹೌದ್ರಿ, ನಾನಾ ಫೋನ್ ಮಾಡಿ ಹೇಳಿದ್ದೆ. ಅವನ ಡ್ರಾಯಿಂಗ್ ಟೆಸ್ಟ್ ಆಮ್ಯಾಲ ನೋಡಿದೆ, ಛಲೋ ಮಾಡಿದ್ದ" ಅಂದರು. ನಿಜ ಇರಬಹುದು. ಆದರೆ ಆ ಟೆಸ್ಟ್ ಹಾಳೆ ಎಲ್ಲೂ ಇಲ್ಲ, ಮಿಕ್ಕ ನಾಲ್ವರಿಗೆ ಆ ಟೆಸ್ಟ್ ಕೊಟ್ಟಿದ್ದಕ್ಕೂ ದಾಖಲೆ ಇಲ್ಲ. ವರದಿಯಲ್ಲಿ "ಪಕ್ಷಪಾತ" ಅಂತ ಬರೆಯೋ ಆಸೆ ಆಯ್ತು, ಸುಳ್ಳು ಹೇಳಲ್ಲ. ಬರೆಯಲಿಲ್ಲ. ಅಂಕ ಬದಲಾಗಿದೆ, ಬದಲಾಗಿದ್ದರಿಂದ ಆಯ್ಕೆ ಬದಲಾಗಿದೆ, ಅದಕ್ಕೆ ಆಧಾರ ಇಲ್ಲ, ಅಷ್ಟನ್ನೇ ಬರೆದೆ.

ಆಮೇಲೆ ಹಿನ್ನೆಲೆ ವರದಿ. ಇಲ್ಲಿ ನಾನೇ ಎಡವಿದೆ. ಸೇರುವಾಗ ತುಂಬಿದ ಫಾರ್ಮಿನಲ್ಲಿ ಹುಡುಗ ಧಾರವಾಡದ ಒಂದು ಕಾರ್ಖಾನೆಯಲ್ಲಿ ಜೂನ್ 2019ರಿಂದ ಡಿಸೆಂಬರ್ 2023ರವರೆಗೆ ಕೆಲಸ ಮಾಡಿದ್ದೇನೆ ಅಂತ ಬರೆದಿದ್ದ. ಏಜೆನ್ಸಿಯ ವರದಿಯಲ್ಲಿ ಹಳದಿ ಗುರುತು: ಆ ಕಾರ್ಖಾನೆ ಮಾರ್ಚ್ 2022ರವರೆಗೆ ಮಾತ್ರ ಖಚಿತ ಮಾಡಿದೆ. 21 ತಿಂಗಳ ವ್ಯತ್ಯಾಸ! ಅಂಕ ತಿದ್ದಿದ್ದನ್ನು ಆಗಷ್ಟೇ ನೋಡಿದ್ದೆನಲ್ಲ, ಇವನು ಸುಳ್ಳುಗಾರ ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ. ಕರಡಿನಲ್ಲಿ "ಸುಳ್ಳು ಅನುಭವ" ಅಂತಲೂ ಟೈಪ್ ಮಾಡಿದ್ದೆ.

ಅದೃಷ್ಟಕ್ಕೆ ಅವನನ್ನೇ ಒಂದು ಮಾತು ಕೇಳೋಣ ಅನ್ನಿಸಿತು. ಎಚ್‌ಆರ್ ಎದುರೇ ಕೂರಿಸಿ, ಪಿಎಫ್ ಸರ್ವಿಸ್ ಹಿಸ್ಟರಿ ತೋರಿಸೋಕೆ ಆಗುತ್ತಾ ಅಂತ ಕೇಳಿದೆ. ಪಾಸ್‌ವರ್ಡ್ ನಾವು ಯಾವತ್ತೂ ಕೇಳಬಾರದು. ಅವನೇ ತನ್ನ ಮೊಬೈಲಿನಲ್ಲಿ ಲಾಗಿನ್ ಆಗಿ ತೋರಿಸಿದ. ಎರಡು ಸಾಲು ಇತ್ತು. ಮೊದಲನೆಯದು ಆ ಕಾರ್ಖಾನೆ, ಮಾರ್ಚ್ 2022ಕ್ಕೆ ಮುಗಿದಿದೆ. ಎರಡನೆಯದು ಏಪ್ರಿಲ್ 2022ರಿಂದ ಡಿಸೆಂಬರ್ 2023, ಯಾವುದೋ ಬೇರೆ ಹೆಸರು. ಅದು ಲೇಬರ್ ಕಾಂಟ್ರಾಕ್ಟರ್ ಹೆಸರು. ಕಾರ್ಖಾನೆಯವರು ಆ ವಿಭಾಗವನ್ನೇ ಕಾಂಟ್ರಾಕ್ಟಿಗೆ ಕೊಟ್ಟಾಗ ಇವನ ಪಿಎಫ್ ಕಾಂಟ್ರಾಕ್ಟರ್‌ನ ಕೋಡ್ ನಂಬರಿಗೆ ಹೋಗಿತ್ತು. ಅದೇ ಗೇಟು, ಅದೇ ಮಶೀನು, ಪಗಾರ ಕೊಡೋರು ಮಾತ್ರ ಬೇರೆ. ಕಾಂಟ್ರಾಕ್ಟರ್ ಕೊಟ್ಟ ಪಗಾರ ಚೀಟಿ, ಆ ಕಾರ್ಖಾನೆಯ ಗೇಟ್ ಪಾಸ್ ಎರಡನ್ನೂ ಮರುದಿನ ತಂದ. "ನಂಗ ಯಾರೂ ಕೇಳ್ಲೇ ಇಲ್ರಿ ಮೇಡಮ್" ಅಂದ. ಕರಡಿನ ಆ ಸಾಲನ್ನು ಅಳಿಸಿದೆ.

ಅಂದಹಾಗೆ ಪಿಎಫ್ ಹಿಸ್ಟರಿಯನ್ನೂ ಪೂರ್ತಿ ನಂಬಕ್ಕಾಗಲ್ಲ. ಹಳೆಯ ಮಾಲೀಕರು ಬಿಟ್ಟ ತಾರೀಖು ಹಾಕದೇ ಬಿಡೋದು, ತಪ್ಪು ತಾರೀಖು ಹಾಕೋದು ಇದ್ದದ್ದೇ. ಹಾಗಾಗಿ ನನ್ನ ಆಕ್ಷೇಪ ಹುಡುಗನ ಮೇಲೆ ಇರಲಿಲ್ಲ. ಹಳದಿ ಗುರುತಿನ ವರದಿಯನ್ನು ಯಾರೂ ಓದಿ ಸಹಿ ಹಾಕಿರಲಿಲ್ಲ. ಅದು ಹಾಗೇ ಪಿನ್ ಆಗಿ ಬಿದ್ದಿರುವಾಗಲೇ ಆರು ತಿಂಗಳಿಗೆ ಅವನನ್ನು ಖಾಯಂ ಮಾಡಿದ್ದರು. ಸುಳ್ಳು ಹೇಳಿದವನಿದ್ದರೂ ಅವನೂ ಇದೇ ದಾರಿಯಲ್ಲಿ ಖಾಯಂ ಆಗ್ತಿದ್ದ.

ಜಾಸ್ತಿ ಹೊತ್ತು ತಗೊಂಡಿದ್ದು ಸಂಬಳ. ಅಲ್ಲಿನ ನಿಯಮದಂತೆ ಸಿಟಿಸಿ, ಅಂದರೆ ಒಬ್ಬರಿಗೆ ಕಂಪನಿ ವರ್ಷಕ್ಕೆ ಮಾಡೋ ಒಟ್ಟು ಖರ್ಚು, 6.5 ಲಕ್ಷದವರೆಗೆ ಇದ್ದರೆ ಪ್ಲಾಂಟ್ ಹೆಡ್ ಒಪ್ಪಬಹುದು, ಮೇಲಿದ್ದರೆ ಎಂಡಿ ಒಪ್ಪಬೇಕು. ಇವನ ಆಫರ್ 6.4 ಲಕ್ಷ. ಕಾಗದದ ಮೇಲೆ ಸರಿಯಾಗೇ ಇದೆ. ಆದರೆ ಆಫರ್ ಲೆಟರಿಗೆ ನಿಲ್ಲಬಾರದು, ಕೈಗೆ ಹೋದ ದುಡ್ಡಿನವರೆಗೆ ನೋಡಬೇಕು. ಮೊದಲ ಮೂರು ತಿಂಗಳ ಸಂಬಳ ತೆಗೆದೆ. ಫೆಬ್ರವರಿಯಲ್ಲಿ "ಇತರೆ" ಕಾಲಮ್ಮಿನಲ್ಲಿ 60,000 ರೂಪಾಯಿ. ಜಾಯ್ನಿಂಗ್ ಬೋನಸ್ ಅಂತೆ. ಆಫರ್ ಲೆಟರಿನಲ್ಲಿ ಅದರ ಮಾತೇ ಇಲ್ಲ, ಬೇರೆ ಒಂದು ಪುಟದ ಪತ್ರ ಮೇಲ್‌ನಲ್ಲಿ ಹೋಗಿತ್ತು. ಕೂಡಿದರೆ 7 ಲಕ್ಷ. ಎಂಡಿ ಮೇಜಿಗೆ ಹೋಗಬೇಕಿದ್ದ ಆಫರ್ ಅಲ್ವಾ?

"ಅದು ಒಂದ ಸಲದ್ದರಿ, ಸಿಟಿಸಿ ಅಲ್ಲ" ಅಂತ ಎಚ್‌ಆರ್ ವಾದ. ನಿಯಮದ ಪುಸ್ತಕದಲ್ಲಿ ಬೋನಸ್ ಬಗ್ಗೆ ಒಂದಕ್ಷರ ಇರಲಿಲ್ಲ, ಹಾಗಾಗಿ ವಾದ ತೆಗೆದುಹಾಕುವಂಥದ್ದೂ ಅಲ್ಲ. ಒಂದೇ ಕೇಸು ಇಟ್ಟುಕೊಂಡು ಜಗಳ ಆಡೋ ಬದಲು ಮಿಕ್ಕ 24 ಜನರ "ಇತರೆ" ಕಾಲಮ್ ನೋಡಿದೆ. ಇನ್ನೂ ಮೂವರಿಗೆ ಹೀಗೇ ಸಿಕ್ಕಿತ್ತು. ನಾಲ್ವರ ಸಿಟಿಸಿಯೂ 6 ಮತ್ತು 6.5 ಲಕ್ಷದ ನಡುವೆ. 5 ಲಕ್ಷದವರಿಗೂ ಬೋನಸ್ ಇಲ್ಲ, 8 ಲಕ್ಷದವರಿಗೂ ಇಲ್ಲ. ಗೆರೆಯ ಕೆಳಗೆ ನಿಂತವರಿಗೆ ಮಾತ್ರ. ಆ ನಾಲ್ಕು ಸಾಲುಗಳನ್ನು ಪ್ಲಾಂಟ್ ಹೆಡ್ ಮುಂದೆ ಇಟ್ಟೆ. ಅವರು ಒಂದೆರಡು ನಿಮಿಷ ನೋಡಿ, "ಎಂಡಿ ಕಡೆ ಹೋದ್ರ ಹದಿನೈದು ದಿನ ಹಿಡೀತದ್ರಿ, ಅಷ್ಟೊತ್ತಿಗೆ ಹುಡುಗೂರು ಬೆಂಗಳೂರಿಗೆ ಹೋಗಿರ್ತಾರ" ಅಂದರು. ಅದೇ ನಿಜವಾದ ಕಾರಣ. ಅದನ್ನೂ ವರದಿಯಲ್ಲಿ ಹಾಗೇ ಬರೆದೆ.

ಕೊನೆಗೆ ಕಂಪನಿ ಮಿತಿಯ ಲೆಕ್ಕಕ್ಕೆ ಮೊದಲ ವರ್ಷದ ಎಲ್ಲ ಪಾವತಿಯನ್ನೂ ಸೇರಿಸಿತು. ಎಂಡಿ ಮೂರು ದಿನದಲ್ಲಿ ಉತ್ತರ ಕೊಡಬೇಕು ಅಂತಾಯ್ತು. ಒಪ್ಪಿಗೆ ಮೇಲ್‌ನ ತಾರೀಖು ಹಾಕದೆ ಆಫರ್ ಲೆಟರ್ ಪ್ರಿಂಟ್ ತೆಗೆಯೋ ಹಾಗಿಲ್ಲ. ಹುಡುಗ ಕೆಲಸದಲ್ಲೇ ಇದ್ದಾನೆ. ಹಾವೇರಿಯ ಹುಡುಗಿಗೆ ಫೋನ್ ಮಾಡಿ ನೋಡಿ ಅಂತ ಎಚ್‌ಆರ್‌ಗೆ ಹೇಳಿದೆ. ಮಾಡಿದರು. ಅಷ್ಟರಲ್ಲಿ ಆಕೆ ಬೇರೆ ಕಡೆ ಸೇರಿ ವರ್ಷವಾಗಿತ್ತು.