ಕಾರು ಹತ್ತಿದರೆ ಜೊಲ್ಲು ಸುರಿಸುವ ನಾಯಿಯ ಜೊತೆ ದೂರದ ಪ್ರಯಾಣ

ನಾಯಿ ಕಾರಲ್ಲಿ ವಾಂತಿ ಮಾಡೋದು ಒಮ್ಮೆಲೇ ಆಗುವ ಸಂಗತಿ ಅಲ್ಲ. ಅದಕ್ಕೆ ಬಹಳ ಮುಂಚೆಯೇ ಅದು ಹೇಳುತ್ತಿರುತ್ತದೆ. ನಮ್ಮ ಚುಕ್ಕಿಯ ಕ್ರಮ ನನಗೀಗ ಬಾಯಿಪಾಠ. ಮೊದಲು ಎರಡು ಮೂರು ಆಕಳಿಕೆ. ಆಮೇಲೆ ನಾಲಿಗೆ ಹೊರಗೆ ಬಂದು ಮೂಗಿನ ತುದಿ ಸವರಿ ಒಳಗೆ ಹೋಗುತ್ತದೆ, ಮತ್ತೆ ಮತ್ತೆ. ನಂತರ ಗುಟುಕ್ ಅಂತ ಎಂಜಲು ನುಂಗುತ್ತಾಳೆ. ಕೆಳತುಟಿಯ ಮೂಲೆಯಲ್ಲಿ ಜೊಲ್ಲು ದಾರದ ಹಾಗೆ ಇಳಿಯಲು ಶುರುವಾದರೆ ವಾಂತಿ ಹತ್ತಿರದಲ್ಲೇ ಇದೆ ಅಂತ ಅರ್ಥ. ಕೆಲವು ನಾಯಿಗಳು ಕುಂಯ್‌ಗುಡುತ್ತವೆ, ಕೆಲವು ತೀರಾ ಮಂಕಾಗಿ ಕೂರುತ್ತವೆ. ಸುಮ್ನೆ ಕೂತಿದೆ, ಪಾಪ, ಒಳ್ಳೆ ನಾಯಿ ಅಂದುಕೊಳ್ಳುವ ಹೊತ್ತಲ್ಲೇ ಅದಕ್ಕೆ ಹೊಟ್ಟೆ ತೊಳಸುತ್ತಿರಬಹುದು.

ದೂರದ ಪ್ರಯಾಣಕ್ಕೆ ಮುಂಚೆ ನಾನು ತಿಳಿದುಕೊಳ್ಳಬೇಕಾಗಿದ್ದು ಒಂದೇ ವಿಷಯ. ಇವಳಿಗೆ ಆಗುತ್ತಿರುವುದು ಹೊಟ್ಟೆಯ ತೊಂದರೆಯೋ, ಕಾರಿನ ಭಯವೋ? ಎರಡರಲ್ಲೂ ಜೊಲ್ಲು ಸುರಿಯುತ್ತದೆ. ಆದರೆ ಎರಡಕ್ಕೂ ಮದ್ದು ಬೇರೆ. ಒಳಗಿವಿಯಲ್ಲಿ ಮೈಯ ಸಮತೋಲನ ನೋಡಿಕೊಳ್ಳುವ ಭಾಗ ಇದೆ. ಅದು ಹೇಳುವ ಚಲನೆಗೂ ಕಣ್ಣು ಹೇಳುವುದಕ್ಕೂ ತಾಳೆಯಾಗದಿದ್ದರೆ ವಾಕರಿಕೆ ಬರುತ್ತದೆ. ಮರಿಗಳಲ್ಲಿ ಇದು ಜಾಸ್ತಿ. ಎಷ್ಟೋ ನಾಯಿಗಳಿಗೆ ದೊಡ್ಡದಾಗುತ್ತಾ ತಾನಾಗೇ ಹೋಗುತ್ತದೆ. ಆದರೆ ಮರಿಯಾಗಿದ್ದಾಗ ಕಾರು ಹತ್ತಿದಾಗಲೆಲ್ಲ ಹೊಟ್ಟೆ ತೊಳಸಿದ್ದರೆ, ಕಾರು ಅಂದರೇನೇ ಕೆಟ್ಟದ್ದು ಅಂತ ಅದರ ಮನಸ್ಸಲ್ಲಿ ಕೂತುಬಿಡುತ್ತದೆ. ಆಮೇಲೆ ಕಿವಿ ಸರಿಹೋದರೂ ಭಯ ಉಳಿಯುತ್ತದೆ.

ಪತ್ತೆ ಮಾಡಲು ಒಂದು ಸರಳ ಉಪಾಯ ಮಾಡಿದೆ. ನಿಂತ ಕಾರಲ್ಲಿ, ಎಂಜಿನ್ ಆಫ್ ಇರುವಾಗ ಅವಳನ್ನು ಕೂರಿಸಿ ನೋಡಿದೆ. ಇನ್ನೊಂದು ದಿನ ಎಂಜಿನ್ ಚಾಲೂ ಮಾಡಿ, ಗಾಡಿ ಕದಲಿಸದೆ ನೋಡಿದೆ. ಮತ್ತೊಂದು ದಿನ ನೇರ ರಸ್ತೆಯಲ್ಲಿ ನಿಧಾನವಾಗಿ ಓಡಿಸಿದೆ. ಹಿಂದೆ ಕೂತ ನನ್ನ ತಂಗಿ ಪ್ರತಿ ಸಲವೂ ಮೊಬೈಲಲ್ಲಿ ವಿಡಿಯೊ ತೆಗೆದಳು. ಗಾಡಿ ಚಲಿಸಿದ ಮೇಲೆ ಮಾತ್ರ ಜೊಲ್ಲು ಬಂದರೆ ಅದು ಬಹುಮಟ್ಟಿಗೆ ಹೊಟ್ಟೆಯದ್ದು. ಬಾಗಿಲು ತೆಗೆದ ಕೂಡಲೇ ಬಂದರೆ ಭಯವೂ ಸೇರಿದೆ. ಚುಕ್ಕಿಗೆ ಎರಡೂ ಇತ್ತು. ನಿಂತ ಕಾರಲ್ಲೇ ತುಟಿ ಸವರಲು ಶುರು, ಹೊರಟು ಸ್ವಲ್ಪ ದೂರ ಹೋದ ಮೇಲೆ ವಾಂತಿ.

ಆ ವಿಡಿಯೊ ತೋರಿಸಿದ್ದರಿಂದ ಡಾಕ್ಟರಿಗೂ ಅನುಕೂಲವಾಯಿತು. ಅವರು ಮೊದಲು ಕಿವಿ ನೋಡಿದರು. ಕಿವಿಯ ಒಳಗಿನ ಸೋಂಕೂ ಸಮತೋಲನ ಕೆಡಿಸಬಹುದು. ಅದೇನೂ ಇರಲಿಲ್ಲ. ಆಮೇಲೆ ಮಾರೋಪಿಟಂಟ್ ಅನ್ನುವ ಮಾತ್ರೆ ಬರೆದುಕೊಟ್ಟರು. ಅವರು ಹೇಳಿದ ಒಂದು ಮಾತು ಇಡೀ ಕೆಲಸದ ದಿಕ್ಕನ್ನೇ ತೋರಿಸಿತು. "ಮೊದಲು ವಾಂತಿ ನಿಲ್ಲಿಸೋಣ, ಆಮೇಲೆ ಅಭ್ಯಾಸ ಮಾಡಿಸಿ. ಹೊಟ್ಟೆ ತೊಳಸುತ್ತಿರುವ ನಾಯಿಗೆ ಕಾರು ಇಷ್ಟವಾಗೋದು ಹೇಗೆ?" ನಿಜ ಅಲ್ವಾ? ಪ್ರತಿ ಸಲ ವಾಂತಿಯಲ್ಲಿ ಮುಗಿಯುವ ಅಭ್ಯಾಸದಿಂದ ಭಯ ಇನ್ನೂ ಗಟ್ಟಿಯಾಗುತ್ತದೆ.

ಈ ಮಾತ್ರೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಟ್ಟೆ ಕೆಟ್ಟು ವಾಂತಿಯಾದಾಗ ಇದೇ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ಕೆ.ಜಿ. ತೂಕಕ್ಕೆ 2 ಮಿ.ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಪ್ರಯಾಣದ ವಾಂತಿಗೆ ಮಾತ್ರ ಕೆ.ಜಿ.ಗೆ 8 ಮಿ.ಗ್ರಾಂ. ಅಂದರೆ 14 ಕೆ.ಜಿ. ತೂಗುವ ಚುಕ್ಕಿಗೆ ಒಂದು ಲೆಕ್ಕದಲ್ಲಿ 28 ಮಿ.ಗ್ರಾಂ, ಇನ್ನೊಂದರಲ್ಲಿ 112. ಹಿಂದೆ ಯಾವಾಗಲೋ ತಂದು ಉಳಿದ ಮಾತ್ರೆಯನ್ನು ಅದೇ ಅಳತೆಯಲ್ಲಿ ಕೊಟ್ಟು, ಕೆಲಸ ಮಾಡಲಿಲ್ಲ ಅಂದರೆ ಕಾರಣ ಇದೇ ಇರಬಹುದು. ಹಾಗಂತ ನೀವೇ ಲೆಕ್ಕ ಹಾಕಿ ಕೊಡಬೇಡಿ. ವಯಸ್ಸು, ಲಿವರ್, ಹೃದಯ, ಈಗಾಗಲೇ ನಡೆಯುತ್ತಿರುವ ಔಷಧಿ ಎಲ್ಲ ನೋಡಿ ಡಾಕ್ಟರೇ ತೀರ್ಮಾನಿಸಬೇಕು. ಪ್ರಯಾಣದ ಅಳತೆಯಲ್ಲಿ ಇದನ್ನು ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ. ಹೋದ ಮಾರನೇ ದಿನವೇ ವಾಪಸ್ ಬರೋದಾದರೆ ಸರಿ. ಮೂರು ದಿನ ಎಡೆಬಿಡದೆ ರಸ್ತೆಯಲ್ಲೇ ಇರುವ ಯೋಜನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು.

ಇನ್ನೊಂದು ಮುಖ್ಯ ವಿಷಯ. ಈ ಮಾತ್ರೆ ವಾಂತಿ ತಡೆಯುತ್ತದೆ, ಮಂಪರು ತರಿಸುವುದು ಇದರ ಕೆಲಸವಲ್ಲ. ಭಯವನ್ನೂ ಕಳೆಯುವುದಿಲ್ಲ. ವಾಂತಿ ನಿಂತರೂ ಜೊಲ್ಲು ಸ್ವಲ್ಪ ಉಳಿಯಬಹುದು. ನಾಯಿ ಮಲಗಿಬಿಡಲಿ ಅಂತ ಮನೆಯಲ್ಲಿರುವ ಮನುಷ್ಯರ ನಿದ್ದೆ ಮಾತ್ರೆ ಕೊಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಅಳತೆ ತಪ್ಪಿದರೆ ಅಪಾಯ. ಮೈ ಸ್ವಾಧೀನ ಇಲ್ಲದ ನಾಯಿ ತಿರುವಿನಲ್ಲಿ ತನ್ನನ್ನು ತಾನು ಹಿಡಿದು ನಿಲ್ಲಿಸಿಕೊಳ್ಳಲಾರದು. ಮೇಲೆ ಶಾಂತವಾಗಿ ಕಂಡರೂ ಒಳಗೆ ಹೆದರಿಯೇ ಇರಬಹುದು. ಭಯ ತೀರಾ ಜಾಸ್ತಿ ಇದ್ದರೆ ಅದಕ್ಕೆಂದೇ ಬೇರೆ ಔಷಧಿಗಳಿವೆ, ಡಾಕ್ಟರನ್ನು ಕೇಳಿ.

ಅಭ್ಯಾಸಕ್ಕೆ ಮೊದಲು ಕಾರಿನ ಒಳಗನ್ನೇ ಬದಲಾಯಿಸಿದೆ. ಹಳೆಯ ಹೊದಿಕೆ ಒಗೆದರೂ ಅವಳ ಮೂಗಿಗೆ ಅದು ವಾಂತಿಯ ನೆನಪೇ. ಅದನ್ನು ತೆಗೆದು, ಮನೆಯಲ್ಲಿ ಅವಳು ಮಲಗುವ ಹಾಸಿಗೆ ಹಾಕಿದೆ. ಕಾರಿನ ಸುಗಂಧದ ಡಬ್ಬಿ ಎತ್ತಿಟ್ಟೆ. ಸೀಟಿನ ಬದಲು ಕ್ರೇಟ್ ಕಟ್ಟಿದೆ. ಅವಳು ನಿಲ್ಲುವಷ್ಟು, ತಿರುಗುವಷ್ಟು, ಕಾಲು ಚಾಚಿ ಮಲಗುವಷ್ಟು ದೊಡ್ಡದು, ಅದಕ್ಕಿಂತ ದೊಡ್ಡದು ಬೇಡ. ಬ್ರೇಕ್ ಹಾಕಿದಾಗ ಜಾರದ ಹಾಗೆ ಕ್ರೇಟನ್ನು ಪಟ್ಟಿಯಿಂದ ಬಿಗಿದೆ. ಪಕ್ಕದ ಕಿಟಕಿಯಲ್ಲಿ ಸರಸರ ಓಡುವ ನೋಟ ಕಾಣದಂತೆ ಎರಡು ಬದಿಗೂ ಬಟ್ಟೆ ಇಳಿಬಿಟ್ಟು, ಮುಂದಿನ ಬದಿ ತೆರೆದಿಟ್ಟೆ. ಕ್ರೇಟ್ ಇಡಲು ಜಾಗ ಇಲ್ಲದಿದ್ದರೆ ಎದೆಗೆ ಹಾಕುವ ಹಾರ್ನೆಸ್‌ಗೆ ಬೆಲ್ಟ್ ಸಿಕ್ಕಿಸಿ ಹಿಂದಿನ ಸೀಟಲ್ಲಿ ಕೂರಿಸಬಹುದು. ಕತ್ತಿನ ಪಟ್ಟಿಗೆ ಮಾತ್ರ ಕಟ್ಟಬಾರದು. ಜೋರಾಗಿ ಬ್ರೇಕ್ ಬಿದ್ದರೆ ಕುತ್ತಿಗೆಗೆ ಏಟು.

ಆಮೇಲಿನದ್ದು ತಾಳ್ಮೆಯ ಕೆಲಸ. ನಿಂತ ಕಾರಲ್ಲಿ ಇಷ್ಟದ ತಿಂಡಿಯ ಚೂರು ಕೊಟ್ಟು, ಅವಳು ಆರಾಮಾಗಿ ಇರುವಾಗಲೇ ಇಳಿಸುತ್ತಿದ್ದೆ. ಮುಂದಿನ ಹಂತ ಎಂಜಿನ್ ಸದ್ದು. ಆಮೇಲೆ ಬೀದಿಯ ಕೊನೆಯವರೆಗೆ ಹೋಗಿ ಬರೋದು. ಆಮೇಲೆ ಅವಳು ಓಡಾಡುವ ಬಯಲಿನವರೆಗೆ. ನಾನು ಬಿಡದೆ ಪಾಲಿಸಿದ ನಿಯಮ ಒಂದೇ: ಆಕಳಿಕೆ, ತುಟಿ ಸವರೋದು ಶುರುವಾಗುವ ಮುಂಚೆ ಆ ದಿನದ ಪಾಠ ಮುಗಿಯಬೇಕು. ತಿಂಡಿ ಕೊಟ್ಟರೂ ಮೂಸಿ ಮುಖ ತಿರುಗಿಸಿದರೆ ಹಂತ ದಾಟುವ ಆತುರ ಆಗಿದೆ ಅಂತ ಅರ್ಥ. ಹಿಂದಿನ ಹಂತಕ್ಕೆ ಹೋಗುತ್ತಿದ್ದೆ. ಗಾಡಿ ಕದಲುವ ಹಂತಗಳಲ್ಲಿ ಸ್ವಲ್ಪ ದೂರ ಹೋಗೋದಿದ್ದರೆ ಮಾತ್ರ ಡಾಕ್ಟರ್ ಹೇಳಿದ ಪ್ರಕಾರ ಮಾತ್ರೆ ಕೊಡುತ್ತಿದ್ದೆ.

ಕೊನೆಗೆ ಎಂಟು ಗಂಟೆಯ ಪ್ರಯಾಣ. ಬೆಳಗ್ಗೆ 6ಕ್ಕೆ ಹೊರಡೋದು ಅಂತ ನಿಶ್ಚಯವಾಗಿತ್ತು. ಹಿಂದಿನ ರಾತ್ರಿ 8ಕ್ಕೆ ಮಾಮೂಲಿಗಿಂತ ಸ್ವಲ್ಪ ಕಡಿಮೆ ಊಟ. ನಾಲ್ಕಕ್ಕೆ ಎದ್ದು, ಎರಡು ಚಮಚದಷ್ಟು ಆಹಾರದ ಜೊತೆ ಮಾತ್ರೆ. ಹೊರಡುವುದಕ್ಕೆ ಎರಡು ಗಂಟೆ ಮುಂಚೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ತೀರಾ ಖಾಲಿ ಹೊಟ್ಟೆಗೆ ಕೊಟ್ಟರೆ ಮಾತ್ರೆಯನ್ನೇ ಕಕ್ಕಿಬಿಡಬಹುದು, ಹೊಟ್ಟೆ ತುಂಬಿದ್ದರೆ ದಾರಿಯಲ್ಲಿ ಕಷ್ಟ. ಕೊಬ್ಬಿನ ತಿಂಡಿಯೊಳಗೆ ಮಾತ್ರೆಯನ್ನು ಬಿಗಿಯಾಗಿ ಮುಚ್ಚಿ ಕೊಡಬಾರದು, ಕರಗೋದು ತಡವಾಗುತ್ತದೆ. ನೀರು ಬೇಕಾದಷ್ಟು ಕುಡಿದಳು. 5ಕ್ಕೆ ಒಂದು ಒಳ್ಳೆಯ ಸುತ್ತು ನಡೆಸಿ, ಎರಡೂ ಮುಗಿಸಿಕೊಂಡು ಬಂದೆವು.

ಓಡಿಸುವವರು ತುಂಬಿದ ನೀರಿನ ಲೋಟ ಪಕ್ಕದಲ್ಲಿಟ್ಟುಕೊಂಡ ಹಾಗೆ ಓಡಿಸಬೇಕು. ನಾಯಿಗೆ ಅತಿ ಕಷ್ಟ ಕೊಡೋದು ಒಮ್ಮೆಲೇ ಬೀಳುವ ಬ್ರೇಕ್ ಮತ್ತು ತಿರುವು. ಕಿಟಕಿ ಎರಡು ಬೆರಳಷ್ಟು ಇಳಿಸಿ, ಒಳಗೆ ತಂಪಾಗಿಟ್ಟೆವು. ತಲೆ ಹೊರಗೆ ಹಾಕಲು ಬಿಡಲಿಲ್ಲ, ಕಣ್ಣಿಗೆ ಧೂಳು ಕಲ್ಲು ಬಡಿಯುತ್ತದೆ. ಸುಮಾರು ಎರಡು ಗಂಟೆಗೊಮ್ಮೆ ನಿಲ್ಲಿಸಿದೆವು. ನಿಲ್ಲಿಸಿದಾಗಲೆಲ್ಲ ಮೊದಲು ಹಗ್ಗ ಸಿಕ್ಕಿಸೋದು, ಆಮೇಲೇ ಬಾಗಿಲು ತೆಗೆಯೋದು. ಹೊಸ ಜಾಗದಲ್ಲಿ ಗಾಬರಿಯಾಗಿ ಹಾರಿದ ನಾಯಿ ನೇರ ರಸ್ತೆಗೇ ಹೋಗುತ್ತದೆ.

ಬೆಟ್ಟದ ತಿರುವುಗಳು ಶುರುವಾದ ಮೇಲೆ ಆಕಳಿಕೆ ಬಂತು, ಹಿಂದೆಯೇ ನಾಲಿಗೆ. ಜೊಲ್ಲಿಗೆ ಕಾಯದೆ, ಅಗಲ ಜಾಗ ಸಿಕ್ಕ ಕೂಡಲೇ ನಿಲ್ಲಿಸಿದೆವು. ಅವಳನ್ನು ನೆಲದ ಮೇಲೆ ನಡೆಸಿದೆ. ತಿನ್ನಲು ಏನೂ ಕೊಡಲಿಲ್ಲ, ಎರಡು ಗುಟುಕು ನೀರು ಅಷ್ಟೇ. ಹತ್ತು ನಿಮಿಷವಾದ ಮೇಲೆ ಹುಲ್ಲು ಮೂಸಲು ಶುರು ಮಾಡಿದಳು. ಹೊಟ್ಟೆ ತೊಳಸುವ ನಾಯಿಗೆ ಸುತ್ತಲಿನ ವಾಸನೆಯಲ್ಲಿ ಆಸಕ್ತಿ ಇರಲ್ಲ, ಹಾಗಾಗಿ ಮತ್ತೆ ಹೊರಡಲು ನನಗೆ ಅದೇ ಗುರುತು. ಆ ದಿನ ವಾಂತಿ ಆಗಲಿಲ್ಲ. ತಲುಪಿ ಒಂದು ಗಂಟೆ ಸುಧಾರಿಸಿಕೊಂಡ ಮೇಲೆ ಅರ್ಧ ಊಟ, ರಾತ್ರಿ ಉಳಿದರ್ಧ.

ನಾವು ಊಟಕ್ಕೆ ಇಳಿದದ್ದು ಒಬ್ಬೊಬ್ಬರಾಗಿ. ನಿಂತ ಕಾರಲ್ಲಿ ನಾಯಿಯನ್ನು ಒಂಟಿಯಾಗಿ ಬಿಡಲೇಬಾರದು. ಹೊರಗೆ 21 ಡಿಗ್ರಿ ಇದ್ದರೂ ಬಿಸಿಲಲ್ಲಿ ನಿಂತ ಕಾರಿನ ಒಳಗೆ ಅರ್ಧ ಗಂಟೆಯಲ್ಲಿ 40ರ ಹತ್ತಿರ ಹೋಗುತ್ತದೆ. ಕಿಟಕಿ ಸ್ವಲ್ಪ ಇಳಿಸಿದರೆ ಸಾಕು ಅನ್ನೋದು ಸುಳ್ಳು.

ರೈಲಿನ ಕಥೆ ಬೇರೆ. ಅಲ್ಲಿ ತಿರುವು, ಬ್ರೇಕ್ ಮೆಲ್ಲಗೆ ಇರುವುದರಿಂದ ಚುಕ್ಕಿಗೆ ಹೊಟ್ಟೆ ಅಷ್ಟು ಕೆಡಲಿಲ್ಲ. ಕಷ್ಟವಾಗಿದ್ದು ಉಚ್ಚೆಯದ್ದು. ಬೇಕೆಂದಾಗ ಇಳಿಯಲು ಆಗಲ್ಲವಲ್ಲ. ಅದಕ್ಕೆ ಮನೆಯಲ್ಲೇ ನಾಯಿಗಳ ಪ್ಯಾಡ್ ಹಾಸಿ, ಅದರ ಮೇಲೆ ಮಣ್ಣು ಹುಲ್ಲು ಉದುರಿಸಿ, ಅವಳು ಕೂತಾಗ ಪ್ರತಿ ಸಲ ಒಂದೇ ಮಾತು ಹೇಳಿ ರೂಢಿ ಮಾಡಿಸಿದ್ದೆ. ಹೊರಗೆ ಮಾತ್ರ ಮಾಡುವ ನಾಯಿ ತಾಸುಗಟ್ಟಲೆ ಕಟ್ಟಿಕೊಂಡು ಕೂರುತ್ತದೆ, ಇದನ್ನು ಹೊರಡುವ ವಾರ ಕಲಿಸೋಕಾಗಲ್ಲ. ಹತ್ತುವಾಗ ಇಳಿಯುವಾಗ ಎತ್ತಿಕೊಂಡೆ, ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಗೆ ಕಾಲು ಸಿಕ್ಕಿಕೊಳ್ಳಬಾರದು. ಬೋಗಿಗಳು ಸೇರುವ ಕಡೆ ಸದ್ದು ಜಾಸ್ತಿ, ಅಲ್ಲಿಂದ ದೂರದ ಜಾಗ ಹಿಡಿಯಿರಿ. ನಾಯಿಗೆ ಅನುಮತಿಯ ನಿಯಮ ಪ್ರತಿ ರೈಲಿಗೂ ಬೇರೆ ಇರಬಹುದು, ಟಿಕೆಟ್‌ಗೆ ಮುಂಚೆಯೇ ಓದಿಕೊಳ್ಳಿ.

ಗಾಡಿ ನಿಂತು ಸ್ವಲ್ಪ ಹೊತ್ತಿಗೆ ಪ್ರಯಾಣದ ವಾಕರಿಕೆ ಇಳಿಯಬೇಕು. ತಲುಪಿ ಗಂಟೆಗಳಾದರೂ ವಾಂತಿ ನಿಲ್ಲದಿದ್ದರೆ, ಕುಡಿದ ನೀರೂ ಉಳಿಯದಿದ್ದರೆ, ರಕ್ತ ಕಂಡರೆ, ಅದು ಬೇರೆ ಕಾಯಿಲೆ, ಡಾಕ್ಟರಿಗೆ ತೋರಿಸಿ. ಹೊಟ್ಟೆ ಉಬ್ಬಿಕೊಂಡು, ಏನೂ ಹೊರಗೆ ಬಾರದೆ ಬರೀ ಓಕರಿಸುತ್ತಿದ್ದರೆ ಒಂದು ನಿಮಿಷವೂ ಕಾಯಬೇಡಿ. ಎದೆ ಆಳವಾದ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯ ಇದೆ, ಅದು ಜೀವಕ್ಕೇ ಕುತ್ತು. ದಾರಿಯಲ್ಲಿ ಎಲ್ಲೆಲ್ಲಿ ಪಶುವೈದ್ಯರು ಸಿಗುತ್ತಾರೆ ಅಂತ ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳುತ್ತೇನೆ.

ಊರೊಳಗಿನ ಓಡಾಟಕ್ಕೆ ಚುಕ್ಕಿಗೆ ಈಗ ಮಾತ್ರೆ ಬೇಡ. ತಾನೇ ಕ್ರೇಟಿಗೆ ಹೋಗಿ ಮಲಗುತ್ತಾಳೆ. ತಿರುವಿನ ರಸ್ತೆ ಇರುವ ದಿನ ಮಾತ್ರ ಎರಡು ಗಂಟೆ ಮುಂಚೆ ಎದ್ದು ಇನ್ನೂ ಕೊಡುತ್ತೇನೆ.