ರಾಶಿಯ ಭಾರ ಎಲ್ಲಿ ನಿಂತಿದೆ? ಘನ ಶಂಕುವಿನ ಗುರುತ್ವಕೇಂದ್ರವನ್ನು ಅನುಕಲನದಿಂದ ಕಂಡುಹಿಡಿಯುವ ಬಗೆ

ಸುಗ್ಗಿಯ ದಿನಗಳಲ್ಲಿ ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳವನ್ನು ಒಂದೇ ಕಡೆ ಸುರಿಯುತ್ತ ಹೋದರೆ ಕಾಳು ತಾನಾಗಿಯೇ ಸುತ್ತಲೂ ಜಾರಿ ಶಂಕುವಿನ ಆಕಾರಕ್ಕೆ ಬಂದು ನಿಲ್ಲುತ್ತದೆ. ಅಂಥ ಒಂದು ರಾಶಿಯ ಬುಡದ ತ್ರಿಜ್ಯ 3 ಮೀಟರ್, ಎತ್ತರ 1.2 ಮೀಟರ್ ಎಂದು ಇಟ್ಟುಕೊಳ್ಳೋಣ. ಶಾಲೆಯಲ್ಲಿ ಕಲಿತ ಸೂತ್ರದಂತೆ ಅದರ ಘನಫಲ ಸುಮಾರು 11.3 ಘನ ಮೀಟರ್ ಆಗುತ್ತದೆ. ಒಂದು ಘನ ಮೀಟರ್ ಒಣ ಕಾಳು ಸುಮಾರು 720 ಕೆ.ಜಿ. ತೂಗುತ್ತದೆ ಎಂದು ಹಿಡಿದರೆ ರಾಶಿಯ ತೂಕ ಹೆಚ್ಚುಕಡಿಮೆ 81 ಕ್ವಿಂಟಲ್. ಈ ಕಾಳೆಲ್ಲ ಮೊದಲು ನೆಲದ ಮಟ್ಟದಲ್ಲೇ ಇತ್ತು ಎಂದುಕೊಂಡರೆ, ಅದನ್ನು ಈಗಿರುವ ಎತ್ತರಕ್ಕೆ ಏರಿಸಲು ಗುರುತ್ವದ ವಿರುದ್ಧ ಕನಿಷ್ಠ ಎಷ್ಟು ಕೆಲಸ ನಡೆದಿರಬೇಕು?

ಬುಡದ ಕಾಳು ಏರಿದ್ದು ಬೆರಳೆತ್ತರವಾದರೆ ತುದಿಯ ಕಾಳು ಏರಿದ್ದು ಎದೆಮಟ್ಟಕ್ಕೆ. ಪ್ರತಿಯೊಂದು ಕಾಳಿನ ಎತ್ತರವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಲು ಸಾಧ್ಯವಿಲ್ಲದಿದ್ದರೂ, ಇಡೀ ರಾಶಿಯ ಪರವಾಗಿ ನಿಲ್ಲಬಲ್ಲ ಒಂದೇ ಎತ್ತರ ಸಿಕ್ಕರೆ ತೂಕವನ್ನು ಅದರಿಂದ ಗುಣಿಸಿ ಉತ್ತರ ಪಡೆಯಬಹುದು. ಆ ಎತ್ತರವೇ ಗುರುತ್ವಕೇಂದ್ರದ ಎತ್ತರ. ರಾಶಿ ಎಲ್ಲ ಕಡೆಯೂ ಒಂದೇ ಸಾಂದ್ರತೆಯದ್ದಾಗಿದ್ದರೆ ಈ ಬಿಂದು ಆಕಾರವೊಂದರಿಂದಲೇ ನಿರ್ಧಾರವಾಗುತ್ತದೆ. ಕಾಲೇಜಿನ ತರಗತಿಗಳಲ್ಲಿ ಇದನ್ನು ಸೆಂಟ್ರಾಯ್ಡ್ ಎನ್ನುತ್ತಾರೆ. ಶಂಕು ತನ್ನ ಅಕ್ಷದ ಸುತ್ತ ಎಲ್ಲ ದಿಕ್ಕಿಗೂ ಸಮನಾಗಿರುವುದರಿಂದ ಬಿಂದು ಅಕ್ಷದ ಮೇಲೆಯೇ ಇರಬೇಕು. ಹಾಗಾಗಿ ಹುಡುಕಬೇಕಾದದ್ದು ಅಕ್ಷದ ಮೇಲಿನ ದೂರವೊಂದನ್ನು ಮಾತ್ರ.

ಅನುಕಲನಕ್ಕೆ ಕೈಹಾಕುವ ಮೊದಲು ರಾಶಿಯನ್ನು ಮನಸ್ಸಿನಲ್ಲೇ ಅಡ್ಡಡ್ಡವಾಗಿ ನಾಲ್ಕು ಪದರಗಳಾಗಿ ಕತ್ತರಿಸಿ ನೋಡುವುದು ಒಳ್ಳೆಯದು. ಪ್ರತಿ ಪದರದ ದಪ್ಪ 30 ಸೆಂಟಿಮೀಟರ್. ತುದಿಯ ಪದರವು ಇಡೀ ಶಂಕುವಿನ ಕಾಲು ಅಳತೆಯ ಪುಟ್ಟ ಶಂಕುವಾದ್ದರಿಂದ ಅದರ ಘನಫಲ ಒಟ್ಟಿನ 64ರಲ್ಲಿ 1 ಪಾಲು. ತುದಿಯಿಂದ ಎರಡು ಪದರ ಸೇರಿದರೆ 64ರಲ್ಲಿ 8 ಪಾಲು, ಮೂರು ಸೇರಿದರೆ 27 ಪಾಲು. ಒಂದರಿಂದ ಒಂದನ್ನು ಕಳೆದರೆ ತುದಿಯಿಂದ ಬುಡದವರೆಗೆ ಪದರಗಳ ಪಾಲು 1, 7, 19, 37 ಎಂದು ಬರುತ್ತದೆ. ಅಂದರೆ ಕೆಳಗಿನ 30 ಸೆಂಟಿಮೀಟರ್ ಪದರವೊಂದರಲ್ಲೇ ಅರ್ಧಕ್ಕಿಂತ ಹೆಚ್ಚು ಕಾಳಿದೆ, ಮೇಲಿನ ಅರ್ಧ ಎತ್ತರದಲ್ಲಿ ಇರುವುದು ಎಂಟರಲ್ಲಿ ಒಂದು ಪಾಲು ಮಾತ್ರ. ದೂರದಿಂದ ನೋಡುವ ಕಣ್ಣಿಗೆ ರಾಶಿ ತ್ರಿಕೋನದಂತೆ ಕಾಣುವುದರಿಂದ ಈ ಅಸಮತೋಲ ಎಷ್ಟು ದೊಡ್ಡದು ಎಂಬುದು ಸುಲಭಕ್ಕೆ ಹೊಳೆಯುವುದಿಲ್ಲ.

ಈಗ ಪ್ರತಿ ಪದರದ ಭಾರವೂ ಅದರ ನಟ್ಟನಡುವೆ ಇದೆ ಎಂದು ಒರಟಾಗಿ ಹಿಡಿಯೋಣ. ತುದಿಯಿಂದ ಆ ನಡುಮಟ್ಟಗಳ ದೂರ ಕ್ರಮವಾಗಿ 15, 45, 75, 105 ಸೆಂಟಿಮೀಟರ್. ಪಾಲನ್ನು ದೂರದಿಂದ ಗುಣಿಸಿ, ನಾಲ್ಕನ್ನೂ ಕೂಡಿಸಿ, 64ರಿಂದ ಭಾಗಿಸಬೇಕು.

(1×15 + 7×45 + 19×75 + 37×105) ÷ 64 = 5640 ÷ 64 ≈ 88 ಸೆಂ.ಮೀ.

ತುದಿಯಿಂದ 88 ಸೆಂಟಿಮೀಟರ್ ಎಂದರೆ ನೆಲದಿಂದ ಸುಮಾರು 32 ಸೆಂಟಿಮೀಟರ್. ಇದು ನಿಖರವಾದ ಉತ್ತರವಲ್ಲ, ಏಕೆಂದರೆ ಒಂದೊಂದು ಪದರದ ಒಳಗೂ ಕೆಳಭಾಗ ಮೇಲ್ಭಾಗಕ್ಕಿಂತ ಅಗಲವಾಗಿದ್ದು, ಅದರ ನಿಜವಾದ ಕೇಂದ್ರ ನಡುಮಟ್ಟಕ್ಕಿಂತ ಸ್ವಲ್ಪ ಕೆಳಗಿರುತ್ತದೆ. ಪದರಗಳನ್ನು ತೆಳುವಾಗಿಸುತ್ತ ಹೋದಂತೆ ಈ ಕೊರತೆ ಕರಗುತ್ತದೆ. ಪದರದ ದಪ್ಪವನ್ನು ಸೊನ್ನೆಯತ್ತ ಒಯ್ದು ಇದೇ ಗುಣಾಕಾರ, ಇದೇ ಸಂಕಲನವನ್ನು ಮಾಡುವುದಕ್ಕೆ ಅನುಕಲನ ಎಂದು ಹೆಸರು.

ಶಂಕುವಿನ ಬುಡದ ತ್ರಿಜ್ಯವನ್ನು R, ಎತ್ತರವನ್ನು h ಎಂದು ಕರೆಯೋಣ. ಮೊದಲ ಹೆಜ್ಜೆಯಾಗಿ ಮೂಲಬಿಂದುವನ್ನು ಎಲ್ಲಿಡಬೇಕೆಂದು ತೀರ್ಮಾನಿಸಬೇಕು. ಶಂಕುವಿನ ಮಟ್ಟಿಗೆ ಅದನ್ನು ತುದಿಯಲ್ಲಿಟ್ಟು, ಅಕ್ಷದ ಗುಂಟ ಬುಡದ ಕಡೆಗೆ ಅಳೆಯುವ ದೂರವನ್ನು x ಎಂದು ಕರೆಯುವುದೇ ಅನುಕೂಲವೆಂದು ನನ್ನ ಅಭಿಪ್ರಾಯ. ಬುಡದಿಂದ ಅಳೆದರೂ ಉತ್ತರ ಅದೇ ಬರುತ್ತದೆ, ಆದರೆ ದಾರಿಯಲ್ಲಿ h − x ಎಂಬ ಪದದ ವರ್ಗವನ್ನು ಬಿಡಿಸುತ್ತ ಕೂರಬೇಕಾಗುತ್ತದೆ. ತುದಿಯಿಂದ x ದೂರದಲ್ಲಿ dx ದಪ್ಪದ ಒಂದು ತೆಳ್ಳನೆಯ ಬಿಲ್ಲೆಯನ್ನು ಕಲ್ಪಿಸಿಕೊಳ್ಳಿ. ಶಂಕುವನ್ನು ಅಕ್ಷದ ಮೂಲಕ ಸೀಳಿದರೆ ಕಾಣುವ ಸಮರೂಪ ತ್ರಿಭುಜಗಳಿಂದ ಬಿಲ್ಲೆಯ ತ್ರಿಜ್ಯ Rx/h ಎಂದು ಸಿಗುತ್ತದೆ. ಬಿಲ್ಲೆ ವೃತ್ತಾಕಾರದ್ದಾದ್ದರಿಂದ ಅದರ ಘನಫಲ ಹೀಗಿರುತ್ತದೆ:

dV = π (R²/h²) x² dx

ಇದನ್ನು 0ಯಿಂದ hವರೆಗೆ ಅನುಕಲಿಸಿದರೆ x² ಎಂಬುದು h³/3 ಆಗಿ, ಘನಫಲ πR²h/3 ಎಂದು ಬರುತ್ತದೆ. ಪರಿಚಿತವಾದ ಈ ಸೂತ್ರ ಬಂತೆಂದರೆ ಬಿಲ್ಲೆಯನ್ನು ಸರಿಯಾಗಿ ಬರೆದಿದ್ದೇವೆ ಎಂದರ್ಥ. ಬರದಿದ್ದರೆ ಮುಂದೆ ಹೋಗದೆ ಅಲ್ಲೇ ನಿಂತು ತ್ರಿಜ್ಯವನ್ನು ಮತ್ತೆ ನೋಡಬೇಕು. ಎರಡನೆಯದಾಗಿ ಪ್ರತಿ ಬಿಲ್ಲೆಯ ಘನಫಲವನ್ನು ಅದರ ದೂರ xನಿಂದ ಗುಣಿಸಿ ಕೂಡಿಸಬೇಕು. ಆಗ x² ಇದ್ದಲ್ಲಿ x³ ಬಂದು, ಮೊತ್ತ πR²h²/4 ಆಗುತ್ತದೆ. ಕೊನೆಗೆ ಇದನ್ನು ಘನಫಲದಿಂದ ಭಾಗಿಸಿದರೆ ಕೇಂದ್ರದ ದೂರ ಸಿಗುತ್ತದೆ:

(πR²h²/4) ÷ (πR²h/3) = 3h/4

ತುದಿಯಿಂದ 3h/4 ಎಂದರೆ ಬುಡದಿಂದ h/4. ಭಾಗಾಕಾರದಲ್ಲಿ R ಪೂರ್ತಿಯಾಗಿ ಹೊಡೆದುಹೋಗಿರುವುದನ್ನು ಗಮನಿಸಬೇಕು: ರಾಶಿ ಎಷ್ಟೇ ಹರಡಿಕೊಂಡಿದ್ದರೂ ಕೇಂದ್ರದ ಎತ್ತರ ರಾಶಿಯ ಎತ್ತರವನ್ನು ಮಾತ್ರ ಅವಲಂಬಿಸಿದೆ. ನಮ್ಮ ರಾಶಿಯಲ್ಲಿ ಅದು ನೆಲದಿಂದ 30 ಸೆಂಟಿಮೀಟರ್. ನಾಲ್ಕೇ ಪದರಗಳ ಒರಟು ಲೆಕ್ಕ ಎರಡು ಸೆಂಟಿಮೀಟರ್ ಅಂತರದಲ್ಲಿ ಇದನ್ನೇ ಹೇಳಿತ್ತು. ಕನಿಷ್ಠ ಕೆಲಸ ಸುಮಾರು 8140 × 9.8 × 0.3, ಅಂದರೆ ಹತ್ತಿರ ಹತ್ತಿರ 24 ಕಿಲೋಜೂಲ್. ಹಮಾಲರು ನಿಜಕ್ಕೂ ಪಡುವ ಶ್ರಮ ಇದಕ್ಕಿಂತ ಬಹಳ ಹೆಚ್ಚು, ಏಕೆಂದರೆ ಅವರು ಪ್ರತಿ ಚೀಲವನ್ನೂ ಕಾಳು ಕೊನೆಗೆ ತಂಗುವ ಮಟ್ಟಕ್ಕಿಂತ ಮೇಲೆ ಎತ್ತಿ ಸುರಿಯುತ್ತಾರೆ.

ಇಲ್ಲಿ ಬಹುತೇಕರು ಎಡವುವುದು ಉತ್ತರವನ್ನು h/3 ಎಂದು ಬರೆಯುವುದರಲ್ಲಿ. ಕಾಗದದ ಮೇಲೆ ಬಿಡಿಸಿದ ಚಿತ್ರ ತ್ರಿಭುಜವಾಗಿರುವುದರಿಂದ, ತ್ರಿಭುಜದ ಕೇಂದ್ರ ಬುಡದಿಂದ ಮೂರನೇ ಒಂದು ಎತ್ತರದಲ್ಲಿದೆ ಎಂಬ ನೆನಪು ಅಡ್ಡ ಬರುತ್ತದೆ. ತ್ರಿಭುಜದಲ್ಲಿ ಪಟ್ಟಿಯ ಅಗಲ xನ ಪ್ರಮಾಣದಲ್ಲಿ ಹೆಚ್ಚಿದರೆ, ಘನ ಶಂಕುವಿನಲ್ಲಿ ಬಿಲ್ಲೆಯ ವಿಸ್ತೀರ್ಣ xನ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ಬುಡದ ಕಡೆಗೆ ಭಾರ ಇನ್ನಷ್ಟು ಬೀಳುವುದರಿಂದ ಕೇಂದ್ರವೂ ಇನ್ನಷ್ಟು ಕೆಳಗಿಳಿಯುತ್ತದೆ. ಹಾಗೆಂದು h/3 ಎಲ್ಲ ಶಂಕುವಿಗೂ ತಪ್ಪು ಎನ್ನಲಾಗದು. ತಗಡನ್ನು ಸುತ್ತಿ ಮಾಡಿದ, ಬುಡ ತೆರೆದ ಟೊಳ್ಳು ಶಂಕುವಿನ ಕೇಂದ್ರ ಬುಡದಿಂದ h/3 ಎತ್ತರದಲ್ಲೇ ಇರುತ್ತದೆ. ಆದ್ದರಿಂದ ಪ್ರಶ್ನೆಯಲ್ಲಿ ಘನ ಎಂಬ ಪದ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಇನ್ನು ಪ್ರಾಂಗಣದ ರಾಶಿಗಳ ತುದಿ ಸಾಮಾನ್ಯವಾಗಿ ಮೊಂಡಾಗಿರುತ್ತದೆ. ಆದರೆ ಮೇಲಿನ ಕಾಲು ಎತ್ತರದಲ್ಲಿ ಇರುವುದೇ 64ರಲ್ಲಿ ಒಂದು ಪಾಲಾದ್ದರಿಂದ ಅದರಿಂದ ಉತ್ತರ ಹೆಚ್ಚು ಕದಲುವುದಿಲ್ಲ.

ಅರ್ಧಗೋಳಕ್ಕೂ ದಾರಿ ಇದೇ; ಬದಲಾಗುವುದು ಬಿಲ್ಲೆಯ ತ್ರಿಜ್ಯ ಮಾತ್ರ. ಈ ಬಾರಿ ಮೂಲಬಿಂದುವನ್ನು ಚಪ್ಪಟೆ ಮುಖದ ನಡುವೆ ಇಟ್ಟು, ಅಲ್ಲಿಂದ y ದೂರದ ಬಿಲ್ಲೆಗೆ ಪೈಥಾಗೊರಸನ ಪ್ರಮೇಯವನ್ನು ಅನ್ವಯಿಸಿದರೆ ತ್ರಿಜ್ಯದ ವರ್ಗ R² − y² ಎಂದು ಸಿಗುತ್ತದೆ. ಅದನ್ನು 0ಯಿಂದ Rವರೆಗೆ ಕೂಡಿಸಿದಾಗ ಘನಫಲ 2πR³/3. yಯಿಂದ ಗುಣಿಸಿ ಕೂಡಿಸಿದಾಗ ಬರುವುದು πR⁴/4. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಚಪ್ಪಟೆ ಮುಖದಿಂದ ಕೇಂದ್ರದ ದೂರ 3R/8. ಅವಸರದಲ್ಲಿ ಬಿಲ್ಲೆಯ ತ್ರಿಜ್ಯವನ್ನು R − y ಎಂದು ಬರೆದವರಿಗೆ R/4 ಎಂಬ ಉತ್ತರ ಬರುತ್ತದೆ. ಅದು R ಎತ್ತರದ ಶಂಕುವಿನ ಉತ್ತರ! ಅಂಥ ಶಂಕುವಿಗಿಂತ ಅರ್ಧಗೋಳ ಮುಖದಿಂದ ದೂರದಲ್ಲೂ ದುಂಡಗೆ ತುಂಬಿಕೊಂಡಿರುವುದರಿಂದ ಅದರ ಕೇಂದ್ರ R/4ಕ್ಕಿಂತ ಆಚೆ ಇರಲೇಬೇಕು, R/2ರ ಈಚೆಗೂ ಇರಬೇಕು. ಆರ್ಕಿಮಿಡೀಸ್ ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ, ಅನುಕಲನದ ಈ ಬರವಣಿಗೆ ಇಲ್ಲದೆ, ಹೋಳುಗಳನ್ನು ಮನಸ್ಸಿನ ತಕ್ಕಡಿಯಲ್ಲಿ ತೂಗಿ ಈ ಬಿಂದು ಅರ್ಧಗೋಳದ ಅಕ್ಷವನ್ನು 5:3 ಅನುಪಾತದಲ್ಲಿ ಭಾಗಿಸುತ್ತದೆ ಎಂದು ಕಂಡುಕೊಂಡಿದ್ದ.

ಎರಡೂ ಉತ್ತರಗಳನ್ನು ಒಟ್ಟಿಗೆ ಪರೀಕ್ಷಿಸಬೇಕೆಂದರೆ ಕುಂಬಾರರ ಜೇಡಿಮಣ್ಣು ಸಾಕು. 3 ಸೆಂಟಿಮೀಟರ್ ತ್ರಿಜ್ಯದ ಅರ್ಧಗೋಳದ ಚಪ್ಪಟೆ ಮುಖದ ಮೇಲೆ ಅಷ್ಟೇ ತ್ರಿಜ್ಯದ ಶಂಕುವನ್ನು ಕೂರಿಸಿ, ಬೆಸುಗೆಯನ್ನು ಒದ್ದೆ ಬೆರಳಿನಿಂದ ಸವರಿ, ಒಣಗಿದ ಮೇಲೆ ದುಂಡನೆಯ ಭಾಗ ಕೆಳಗೆ ಬರುವಂತೆ ಮೇಜಿನ ಮೇಲಿಟ್ಟು ಓರೆ ಮಾಡಿ ಬಿಡಬೇಕು. ಗೊಂಬೆ ಹೇಗೆ ವಾಲಿದರೂ ಮೇಜನ್ನು ಮುಟ್ಟುವ ಬಿಂದು ಗೋಳದ ಕೇಂದ್ರದ ನೇರ ಕೆಳಗೇ ಇರುತ್ತದೆ, ಗೋಳದ ಕೇಂದ್ರವಾದರೋ ಎರಡು ಭಾಗಗಳು ಕೂಡುವ ಮುಖದ ನಡುವಿದೆ. ಹೀಗಾಗಿ ಇಡೀ ಗೊಂಬೆಯ ಗುರುತ್ವಕೇಂದ್ರ ಆ ಮುಖಕ್ಕಿಂತ ಕೆಳಗಿದ್ದರೆ ಗೊಂಬೆ ಮತ್ತೆ ಎದ್ದು ನಿಲ್ಲುತ್ತದೆ, ಮೇಲಿದ್ದರೆ ಮಗುಚಿಕೊಳ್ಳುತ್ತದೆ.

ಕೂಡುವ ಮುಖದಿಂದ ಅಳೆದರೆ ಶಂಕುವಿನ ಪಾಲು πR²h/3 × h/4, ಅಂದರೆ πR²h²/12. ಅರ್ಧಗೋಳದ ಪಾಲು 2πR³/3 × 3R/8, ಅಂದರೆ πR⁴/4. ಶಂಕುವಿನ ಪಾಲು ಕಡಿಮೆಯಿರಬೇಕಾದರೆ h²ವು 3R²ಕ್ಕಿಂತ ಕಡಿಮೆಯಿರಬೇಕು. R 3 ಸೆಂಟಿಮೀಟರ್ ಆದಾಗ 3R² ಎಂದರೆ 27. ಶಂಕುವಿನ ಎತ್ತರ 5 ಸೆಂಟಿಮೀಟರ್ ಇದ್ದರೆ ವರ್ಗ 25 ಆದ್ದರಿಂದ ಗೊಂಬೆ ಏಳುತ್ತದೆ, 5.5 ಇದ್ದರೆ ವರ್ಗ 30.25, ಬೀಳುತ್ತದೆ. ಶಂಕುವಿನ ಕೇಂದ್ರವನ್ನು h/3 ಎಂದು ತಪ್ಪಾಗಿ ಹಿಡಿದಿದ್ದರೆ ಗಡಿ 4.5 ಸೆಂಟಿಮೀಟರಿಗೇ ಬರುತ್ತಿತ್ತು, 5 ಸೆಂಟಿಮೀಟರಿನ ಗೊಂಬೆ ಏಳಬಾರದಿತ್ತು. ಎರಡೂ ಭಾಗಗಳು ಒಂದೇ ಮಣ್ಣಿನವಾಗಿದ್ದರೆ ಮಾತ್ರ ಈ ಗಡಿ ಸರಿ. 5 ಸೆಂಟಿಮೀಟರಿನ ಶಂಕುವಿನ ಗೊಂಬೆ ಎದ್ದು ನಿಲ್ಲದೆ ಹೋದರೆ, ಲೆಕ್ಕವನ್ನು ಶಂಕಿಸುವ ಮೊದಲು ಅರ್ಧಗೋಳವನ್ನು ಒಡೆದು ಒಳಗೆ ಗಾಳಿಯ ಪೊಟರೆ ಉಳಿದಿದೆಯೇ ಎಂದು ನೋಡಬೇಕು.