ನಿದ್ರೆ ಬಾರದವರು ಹಾಸಿಗೆಯ ಸಮಯವನ್ನು ಕಡಿಮೆ ಮಾಡುವುದು ಹೇಗೆ?

ವಾರಕ್ಕೆ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳಿಂದ ನಿದ್ರೆ ಕೆಡುತ್ತಿದ್ದು, ಅದರಿಂದ ಹಗಲಿನ ಕೆಲಸಕ್ಕೂ ತೊಂದರೆಯಾಗುತ್ತಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ವಯಸ್ಕರಲ್ಲಿ ಇದಕ್ಕೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ಸಿಬಿಟಿ-ಐ ಎಂಬ ವರ್ತನಾ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಸ್ಪಷ್ಟವಾಗಿ ಹೇಳಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಇದರಲ್ಲಿ ತರಬೇತಿ ಪಡೆದ ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದರಂತೆ ನಾಲ್ಕರಿಂದ ಎಂಟು ಭೇಟಿಗಳಲ್ಲಿ ಇದನ್ನು ನಡೆಸಿಕೊಡುತ್ತಾರೆ. ಇದರ ತಿರುಳು ಹಾಸಿಗೆಯಲ್ಲಿ ಕಳೆಯುವ ಸಮಯವನ್ನು ಕಡಿತಗೊಳಿಸುವುದು. ಜನ ಎಡವುವುದೂ ಅಲ್ಲಿಯೇ ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಆರಂಭಿಸುವ ಮೊದಲು

ಜೋರಾಗಿ ಗೊರಕೆ ಹೊಡೆಯುವವರು, ನಿದ್ರೆಯಲ್ಲಿ ಉಸಿರುಕಟ್ಟಿ ಎಚ್ಚರಗೊಳ್ಳುವವರು, ರಾತ್ರಿ ಕಾಲುಗಳಲ್ಲಿ ತಡೆಯಲಾಗದ ಚಡಪಡಿಕೆ ಇರುವವರು ಮೊದಲು ವೈದ್ಯರಿಗೆ ತೋರಿಸಬೇಕು. ಆ ತೊಂದರೆಗಳಿಗೆ ಬೇರೆ ಚಿಕಿತ್ಸೆ ಇದೆ. ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು, ಬಸ್ಸು ಲಾರಿ ಓಡಿಸುವವರು, ಬಿದ್ದು ಪೆಟ್ಟು ಮಾಡಿಕೊಳ್ಳುವ ಸಂಭವವಿರುವ ವೃದ್ಧರು ಮುಂದೆ ಹೇಳುವ ಕಡಿತವನ್ನು ತಾವಾಗಿಯೇ ಆರಂಭಿಸಬಾರದು.

ಅನಂತರ ಎರಡು ವಾರ ನಿದ್ರೆಯ ದಿನಚರಿ ಬರೆಯಿರಿ. ಹಾಸಿಗೆಗೆ ಹೋದದ್ದು ಎಷ್ಟು ಗಂಟೆಗೆ, ನಿದ್ರೆ ಹತ್ತಲು ಹಿಡಿದ ಸಮಯ ಎಷ್ಟು, ನಡುವೆ ಎಚ್ಚರವಿದ್ದದ್ದು ಎಷ್ಟು ಹೊತ್ತು, ಎದ್ದದ್ದು ಯಾವಾಗ ಎಂಬುದನ್ನು ಬೆಳಿಗ್ಗೆ ಅಂದಾಜಿನಲ್ಲಿ ಬರೆದರೆ ಸಾಕು. ರಾತ್ರಿ ಗಡಿಯಾರ ನೋಡಬೇಡಿ. ಕೈಗೆ ಕಟ್ಟುವ ಸ್ಮಾರ್ಟ್ ವಾಚನ್ನು ಇದಕ್ಕೆ ನಂಬುವುದು ಬೇಡವೆಂಬುದು ನನ್ನ ಖಚಿತ ಸಲಹೆ: ಅಲುಗಾಡದೆ ಎಚ್ಚರವಾಗಿ ಮಲಗಿದ್ದವರನ್ನೂ ಅದು ನಿದ್ರಿಸಿದ್ದರೆಂದು ಲೆಕ್ಕ ಹಾಕುವುದುಂಟು. ಅಲ್ಲದೆ, ಬೆಳಿಗ್ಗೆ ಅದು ತೋರಿಸುವ ಅಂಕವನ್ನು ನೋಡಿ ಇಡೀ ದಿನ ಕಳವಳಪಡುವವರನ್ನು ಕಂಡಿದ್ದೇನೆ.

ನಿದ್ರೆಯ ಶಿಸ್ತಿನ ವಿಷಯ ಎಲ್ಲರಿಗೂ ಗೊತ್ತಿರುವುದೇ: ಮಧ್ಯಾಹ್ನದ ಊಟದ ನಂತರ ಕಾಫಿ ಚಹಾ ಬಿಡಿ, ಮದ್ಯವನ್ನು ನಿದ್ರೆಯ ಔಷಧವಾಗಿ ಬಳಸಬೇಡಿ, ಕೋಣೆ ಕತ್ತಲಾಗಿ ತಂಪಾಗಿರಲಿ. ಇಷ್ಟನ್ನೇ ಮಾಡಿ ನಿದ್ರೆಗಾಗಿ ಕಾಯುವುದು ವ್ಯರ್ಥ. ದೀರ್ಘಕಾಲದ ನಿದ್ರಾಹೀನತೆ ಕೇವಲ ಈ ಶಿಸ್ತಿನಿಂದ ಗುಣವಾಗುವುದಿಲ್ಲ.

ಕಡಿತದ ಲೆಕ್ಕ

ನಿದ್ರೆ ಕೆಟ್ಟವರು ಸಹಜವಾಗಿಯೇ ಬೇಗ ಮಲಗಿ ತಡವಾಗಿ ಏಳಲು ನೋಡುತ್ತಾರೆ. ಇದರಿಂದ ಆರು ಗಂಟೆಯ ನಿದ್ರೆ ಒಂಬತ್ತು ಗಂಟೆಗಳ ಉದ್ದಕ್ಕೂ ಚೂರುಚೂರಾಗಿ ಹರಡಿಕೊಳ್ಳುತ್ತದೆ. ಹಾಸಿಗೆ ಎಂದರೆ ಹೊರಳಾಡುವ ಜಾಗ ಎಂಬುದು ಮನಸ್ಸಿಗೆ ರೂಢಿಯಾಗುತ್ತದೆ. ಎಚ್ಚರವಿದ್ದಷ್ಟೂ ನಿದ್ರೆಯ ಒತ್ತಡ ಹಸಿವಿನಂತೆ ಹೆಚ್ಚುತ್ತದೆ. ಹಾಸಿಗೆಯ ಸಮಯವನ್ನು ಕಿರಿದುಮಾಡಿ ಆ ಒತ್ತಡವನ್ನು ಒಂದೆಡೆ ಸೇರಿಸುವ ವಿಧಾನವನ್ನು ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದರು.

ಒಂದು ಉದಾಹರಣೆಯ ಮೂಲಕ ನೋಡೋಣ. 48 ವರ್ಷದ ಶಾಲಾ ಶಿಕ್ಷಕಿಯೊಬ್ಬರು ರಾತ್ರಿ 9.30ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಏಳುತ್ತಾರೆ ಎಂದಿಟ್ಟುಕೊಳ್ಳಿ. ಹಾಸಿಗೆಯಲ್ಲಿರುವುದು ಎಂಟೂವರೆ ಗಂಟೆ. ದಿನಚರಿಯ ಪ್ರಕಾರ ಸರಾಸರಿ ನಿದ್ರೆ ಐದೂವರೆ ಗಂಟೆ. ಅಂದರೆ ಹಾಸಿಗೆಯ ಸಮಯದಲ್ಲಿ ಶೇ 65ರಷ್ಟು ಮಾತ್ರ ನಿದ್ರೆ. ಈಗ ಅವರು ಏಳುವ ಸಮಯವನ್ನು ಮೊದಲು ನಿಗದಿ ಮಾಡಬೇಕು: 6 ಗಂಟೆ, ಭಾನುವಾರವೂ ಅಷ್ಟೇ. ಅಲ್ಲಿಂದ ಐದೂವರೆ ಗಂಟೆ ಹಿಂದಕ್ಕೆ ಎಣಿಸಿದರೆ ರಾತ್ರಿ 12.30. ಅದಕ್ಕಿಂತ ಮೊದಲು ಅವರು ಹಾಸಿಗೆಗೆ ಹೋಗುವಂತಿಲ್ಲ, ಹಗಲು ಮಲಗುವಂತಿಲ್ಲ. ದಿನಚರಿಯಲ್ಲಿ ನಾಲ್ಕೇ ಗಂಟೆ ನಿದ್ರೆ ಕಂಡರೂ ಹಾಸಿಗೆಯ ಸಮಯವನ್ನು ಐದು ಗಂಟೆಗಿಂತ ಕೆಳಗಿಳಿಸಬಾರದು.

ಮೊದಲ ವಾರ ಕಷ್ಟದ್ದು. ರಾತ್ರಿ 10.30ಕ್ಕೇ ಸೋಫಾದ ಮೇಲೆ ಕಣ್ಣು ಎಳೆಯುತ್ತದೆ, ಬೆಳಿಗ್ಗೆ ತಲೆ ಭಾರವಾಗಿರುತ್ತದೆ. ಕುಳಿತಲ್ಲೇ ಹತ್ತು ನಿಮಿಷ ತೂಕಡಿಸಿದರೂ ಕೂಡಿಟ್ಟ ಒತ್ತಡ ಇಳಿದುಹೋಗುತ್ತದೆ. ಆದ್ದರಿಂದ ಆ ಹೊತ್ತಿಗೆ ಬಟ್ಟೆ ಮಡಿಸುವುದು, ನಾಳೆಯ ತರಕಾರಿ ಹೆಚ್ಚಿಡುವುದು ಮುಂತಾದ ನಿಂತು ಮಾಡುವ ಕೆಲಸಗಳನ್ನು ಇಟ್ಟುಕೊಳ್ಳಬೇಕು. ಈ ವಾರ ಸ್ಕೂಟರ್ ಓಡಿಸದೆ ಬಸ್ಸಿನಲ್ಲಿ ಹೋಗುವುದು ಒಳಿತು. ಬಹಳ ಮಂದಿ ನಾಲ್ಕನೆಯ ದಿನಕ್ಕೆ ಸೋತು, ಒಂದು ರಾತ್ರಿ ಹತ್ತಕ್ಕೇ ಮಲಗಿಬಿಡುತ್ತಾರೆ, ಇಲ್ಲವೇ ಭಾನುವಾರ ಎಂಟರವರೆಗೆ ಏಳುವುದಿಲ್ಲ. ಅಲ್ಲಿಗೆ ಪಟ್ಟ ಶ್ರಮವೆಲ್ಲ ಹೋಗಿ, ಚಿಕಿತ್ಸೆಯೇ ಸರಿಯಿಲ್ಲವೆಂಬ ಮಾತು ಉಳಿಯುತ್ತದೆ.

ವಾರದ ಕೊನೆಗೆ ಸರಾಸರಿ ತೆಗೆಯಬೇಕು. ಶಿಕ್ಷಕಿ ಐದೂವರೆ ಗಂಟೆಯಲ್ಲಿ ಐದು ಗಂಟೆ ನಿದ್ರಿಸಿದ್ದರೆ ಅದು ಶೇ 91. ಶೇ 90 ಮುಟ್ಟಿದರೆ ಮಲಗುವ ಸಮಯವನ್ನು 15 ನಿಮಿಷ ಹಿಂದಕ್ಕೆ ತರಬಹುದು, ಅಂದರೆ 12.15. ಶೇ 85ರಿಂದ 90ರ ನಡುವೆ ಇದ್ದರೆ ಇದ್ದಲ್ಲೇ ಇರಬೇಕು; 85ಕ್ಕಿಂತ ಕೆಳಗಿಳಿದರೆ 15 ನಿಮಿಷ ಮತ್ತೆ ಕಡಿತ. ಅವರು 12 ಗಂಟೆಗೆ ಮಲಗಲು ಆರಂಭಿಸಿದ ವಾರ ಆರು ಗಂಟೆಯಲ್ಲಿ ನಾಲ್ಕು ಗಂಟೆ ಐವತ್ತು ನಿಮಿಷವಷ್ಟೇ ನಿದ್ರೆ ಬಂದಿತೆನ್ನಿ. ಅದು ಶೇ 81 ಮಾತ್ರ. ಆದ್ದರಿಂದ ಮತ್ತೆ 12.15. ಒಂದು ಕೆಟ್ಟ ರಾತ್ರಿಯನ್ನು ನೋಡಿ ಸಮಯ ಬದಲಿಸಕೂಡದು, ವಾರದ ಸರಾಸರಿಯೇ ಆಧಾರ. ಹಗಲು ಚುರುಕಾಗಿ ಕಳೆಯುವಷ್ಟು ನಿದ್ರೆ ಬರತೊಡಗಿದ ಮೇಲೆ ಸಮಯ ಹೆಚ್ಚಿಸುವುದನ್ನು ನಿಲ್ಲಿಸಿ. ಎಲ್ಲರೂ ಎಂಟು ಗಂಟೆ ಮುಟ್ಟಲೇಬೇಕೆಂದಿಲ್ಲ.

ನಿಗದಿತ ಸಮಯದಲ್ಲಿ ಮಲಗಿದರೂ ಸುಮಾರು 20 ನಿಮಿಷದಷ್ಟು ಹೊತ್ತು ನಿದ್ರೆ ಬಾರದಿದ್ದರೆ ಎದ್ದು ಇನ್ನೊಂದು ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆದಾಗ ಮಾತ್ರ ಮರಳಬೇಕು. ಅಗತ್ಯವಿದ್ದಷ್ಟು ಸಲ ಹೀಗೆ ಮಾಡಬೇಕು. ಒಂದೇ ಕೋಣೆಯ ಮನೆಯಾದರೆ ಹಾಸಿಗೆ ಬಿಟ್ಟು ಕುರ್ಚಿಯಲ್ಲಿ ಕುಳಿತರೂ ಆಗುತ್ತದೆ. ಮೊಬೈಲ್ ಮಾತ್ರ ಕೈಗೆತ್ತಿಕೊಳ್ಳಬೇಡಿ.

ಈಗಾಗಲೇ ಮಾತ್ರೆ ನುಂಗುತ್ತಿರುವವರು

ಆಲ್‌ಪ್ರಜೋಲಾಮ್, ಕ್ಲೊನಾಜೆಪಾಮ್, ಜೋಲ್ಪಿಡೆಮ್ ಮೊದಲಾದವು ಮೆದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಹೆಚ್ಚಿಸುತ್ತವೆ. ದಿನವೂ ತೆಗೆದುಕೊಂಡರೆ ಗಾಬಾದ ಗ್ರಾಹಕಗಳು ಅದಕ್ಕೆ ಹೊಂದಿಕೊಂಡು ಮೊದಲಿನಷ್ಟು ಸ್ಪಂದಿಸುವುದಿಲ್ಲ. ಹಾಗಾಗಿ ಕೆಲವೇ ವಾರಗಳಲ್ಲಿ ಅದೇ ಮಾತ್ರೆಯ ಫಲ ಕುಗ್ಗಬಹುದು. ಒಂದು ರಾತ್ರಿ ಬಿಟ್ಟರೆ ನಿದ್ರೆ ಮೊದಲಿಗಿಂತ ಹೆಚ್ಚು ಕೆಡುತ್ತದೆ. ಮಾತ್ರೆಯಿಲ್ಲದೆ ತನಗೆ ನಿದ್ರೆಯೇ ಇಲ್ಲವೆಂದು ರೋಗಿ ತೀರ್ಮಾನಿಸುವುದು ಆ ರಾತ್ರಿ. ನಿಜವಾಗಿ ಅದು ಮಾತ್ರೆ ನಿಂತದ್ದರ ಪ್ರತಿಕ್ರಿಯೆ.

ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವುದು ಅಪಾಯ. ದೀರ್ಘಕಾಲ ತೆಗೆದುಕೊಂಡವರಿಗೆ ಫಿಟ್ಸ್ ಕೂಡ ಬರಬಹುದು. ಹಳೆಯ ಚೀಟಿ ತೋರಿಸಿ ಔಷಧದಂಗಡಿಯಲ್ಲಿ ಪ್ರಮಾಣ ಹೆಚ್ಚಿಸಿಕೊಳ್ಳುವುದೂ ಅಷ್ಟೇ ತಪ್ಪು. ಕಡಿತದ ಕ್ರಮ ಕೆಲವು ವಾರ ನಡೆದು ನಿದ್ರೆ ಒಂದು ಹದಕ್ಕೆ ಬಂದ ಮೇಲೆ, ಬರೆದುಕೊಟ್ಟ ವೈದ್ಯರ ಬಳಿಯೇ ಹೋಗಿ ಇಳಿಕೆಯ ಪಟ್ಟಿ ಮಾಡಿಸಿಕೊಳ್ಳಿ. ಕೆಲವು ವಾರಗಳಿಗೊಮ್ಮೆ ಸ್ವಲ್ಪಸ್ವಲ್ಪವೇ ಇಳಿಸುತ್ತಾ ಹೋಗುವ ಈ ಕೆಲಸಕ್ಕೆ ತಿಂಗಳುಗಳೇ ಹಿಡಿಯಬಹುದು. ಪ್ರತಿ ಸಲ ಪ್ರಮಾಣ ಇಳಿಸಿದಾಗಲೂ ಕೆಲವು ರಾತ್ರಿ ನಿದ್ರೆ ಕೆಡುತ್ತದೆ. ಆ ದಿನಗಳಲ್ಲಿ ಹಾಸಿಗೆಯ ಸಮಯವನ್ನು ಹೆಚ್ಚಿಸದೆ, ದಿನಚರಿಯಲ್ಲಿ ಮಾತ್ರೆಯ ಪ್ರಮಾಣಕ್ಕೂ ಒಂದು ಕಾಲಂ ಹಾಕಿಕೊಂಡು, ಮುಂದಿನ ಭೇಟಿಗೆ ಅದನ್ನು ಕೊಂಡೊಯ್ಯಿರಿ.